ವೋಚರ್ ಒಂದು, ಸದಸ್ಯರು 212

ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಒಂದೇ ಸಾಲು: ನವೆಂಬರ್ 8, ಸೆಲ್ಫ್ ಚೆಕ್, 6,40,000 ರೂಪಾಯಿ. ಸಂಘದ ನಗದು ಪುಸ್ತಕದಲ್ಲೂ ಅದೇ ದಿನ ಅಷ್ಟೇ ಮೊತ್ತ ಜಮಾ ಕಡೆಗೆ ಬಂದಿದೆ, ಅದೇ ದಿನ ಅಷ್ಟೂ ಖರ್ಚಿನ ಕಡೆಗೆ ಹೋಗಿದೆ. ವಿವರದ ಕಾಲಮ್ಮಿನಲ್ಲಿ ‘ಸದಸ್ಯರಿಗೆ ಬೋನಸ್ ಹಂಚಿಕೆ’ ಎಂದಿದೆ. ಲಗತ್ತಿಸಿದ ವೋಚರ್ ಒಂದೇ. ಅದರ ಮೇಲೆ ಅಧ್ಯಕ್ಷರ ಸಹಿಯಿದೆ, ಕಾರ್ಯದರ್ಶಿಯ ಸಹಿಯಿದೆ. ಹಣ ಪಡೆದವರ ಸಹಿ ಒಂದೂ ಇಲ್ಲ.

ಏಳು ತಿಂಗಳ ನಂತರ ಲೆಕ್ಕಪರಿಶೋಧನೆಗೆ ಕುಳಿತವರು ಈ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ ಕೇಳುವ ಪ್ರಶ್ನೆ ಸರಳವಾದದ್ದು. ‘ಈ ಹಣ ಯಾರ ಕೈಗೆ ಹೋಯಿತು? ಬರೆದು ಕೊಡಿ.’

ಬರೆದು ಕೊಡಬೇಕಾದ ಆ ಎರಡು ಪುಟವೇ ಈ ಲೇಖನದ ವಿಷಯ. ಹಾಲು ಉತ್ಪಾದಕರ ಸಂಘವಿರಲಿ, ಕೃಷಿ ಪತ್ತಿನ ಸಂಘವಿರಲಿ, ಲೆಕ್ಕಪರಿಶೋಧಕರಿಗೆ ಕೊಡುವ ವಿವರಣೆ ಹೇಗಿರಬೇಕೆಂದು ಕಾರ್ಯದರ್ಶಿಗಳಿಗೆ ಹೇಳಿಕೊಡುವವರು ಕಡಿಮೆ. ‘ಹಣ ಬೋನಸ್ ಹಂಚಲು ಬಳಸಲಾಗಿದೆ, ದಯಮಾಡಿ ಆಕ್ಷೇಪಣೆ ಕೈಬಿಡಬೇಕು’ ಎಂಬ ಒಂದು ವಾಕ್ಯ ಬರೆದು ಸೀಲು ಒತ್ತಿ ಕೊಟ್ಟುಬಿಡುತ್ತಾರೆ. ಆ ವಾಕ್ಯ ನಿಜವೇ ಆಗಿದ್ದರೂ ಅದರಿಂದ ಏನೂ ರುಜುವಾತಾಗುವುದಿಲ್ಲ. ಆಕ್ಷೇಪಣೆ ವರದಿಯಲ್ಲೇ ಉಳಿಯುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತದೆ.

ಮೇಲೆ ಹೇಳಿದ ಸಂಘ ಕಲ್ಪಿತ. ಹಳ್ಳಿಯ ಹಾಲು ಸಂಘಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೆಡೆ ತಂದು ಕಟ್ಟಿದ ಉದಾಹರಣೆ ಅದು. ಲೆಕ್ಕ ಸುಲಭವಾಗಿ ಹಿಂಬಾಲಿಸಲು ಬರಲೆಂದು ಅಂಕಿಗಳನ್ನು ಚಿಕ್ಕದಾಗಿ ಇಡಲಾಗಿದೆ. ಸಂಘದಲ್ಲಿ ಹಾಲು ಹಾಕುವ ಸದಸ್ಯರು 212 ಮಂದಿ. ಹಿಂದಿನ ವರ್ಷದ ಲಾಭದಲ್ಲಿ ಲೀಟರಿಗೆ 80 ಪೈಸೆಯಂತೆ ಬೋನಸ್ ಕೊಡಲು ಸೆಪ್ಟೆಂಬರಿನ ವಾರ್ಷಿಕ ಮಹಾಸಭೆ ಒಪ್ಪಿದೆ. ದೀಪಾವಳಿಗೆ ಮುಂಚೆ ಹಂಚಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿದೆ. ಡಿಸಿಸಿ ಬ್ಯಾಂಕಿನ ಶಾಖೆಯಿಂದ ಹಣ ತಂದಿದ್ದಾರೆ.

ಮೊದಲು ಲೆಕ್ಕಪರಿಶೋಧಕರ ಕಡೆಯಿಂದ ನೋಡೋಣ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 63ನೇ ಪ್ರಕರಣ ಪ್ರತಿ ಸಂಘದ ಲೆಕ್ಕವನ್ನೂ ವರ್ಷಕ್ಕೊಮ್ಮೆ ಪರಿಶೋಧಿಸಬೇಕೆನ್ನುತ್ತದೆ. ಪುಸ್ತಕ, ಕಾಗದಪತ್ರ, ನಗದು ಎಲ್ಲವನ್ನೂ ತರಿಸಿ ನೋಡುವ ಅಧಿಕಾರ ಪರಿಶೋಧಕರಿಗಿದೆ. ಆದರೆ ಅವರು ಹುಡುಕುವುದು ಕೇವಲ ಕಾಗದವನ್ನಲ್ಲ, ಕಾಗದ ಹುಟ್ಟಿದ್ದು ಎಲ್ಲಿ ಎಂಬುದನ್ನೂ ನೋಡುತ್ತಾರೆ. ಸಂಘದ ಕಚೇರಿಯಲ್ಲೇ ಬರೆದ ವೋಚರ್ ಒಂದು ಬಗೆ. ಬ್ಯಾಂಕು ಕೊಟ್ಟ ಪಾಸ್‌ಶೀಟು, ಹಾಲು ಒಕ್ಕೂಟದ ಲೆಕ್ಕ, ಹಣ ಪಡೆದ ಸದಸ್ಯನ ಸಹಿ, ಇವು ಇನ್ನೊಂದು ಬಗೆ. ಎರಡನೆಯದಕ್ಕೆ ತೂಕ ಹೆಚ್ಚು, ಏಕೆಂದರೆ ಅದನ್ನು ಕಾರ್ಯದರ್ಶಿ ಒಬ್ಬರೇ ಕೂತು ಬರೆದುಕೊಳ್ಳಲು ಆಗುವುದಿಲ್ಲ.

ಸಂಸ್ಥೆಯ ಒಳಗೇ ಹುಟ್ಟಿದ ಕಾಗದವನ್ನು ನಂಬಿದರೆ ಏನಾಗಬಹುದು ಎಂಬುದಕ್ಕೆ ಮುಂಬೈಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಪ್ರಕರಣವಿದೆ. 2019ರಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿತು. ಒಂದೇ ನಿರ್ಮಾಣ ಕಂಪನಿ ಸಮೂಹಕ್ಕೆ ಕೊಟ್ಟ ಭಾರಿ ಸಾಲವನ್ನು ಮರೆಮಾಚಲು 21 ಸಾವಿರಕ್ಕೂ ಹೆಚ್ಚು ನಕಲಿ ಸಾಲ ಖಾತೆಗಳನ್ನು ಲೆಕ್ಕದಲ್ಲಿ ತೋರಿಸಲಾಗಿತ್ತು ಎಂಬುದು ದೂರಿನಲ್ಲಿದ್ದ ಆರೋಪ. ಕಾಗದದ ಮೇಲೆ ಖಾತೆಗಳಿದ್ದವು, ಆ ಖಾತೆಗಳ ಹಿಂದೆ ಮನುಷ್ಯರಿರಲಿಲ್ಲ.

ಇನ್ನೊಂದು ನಿಯಮವನ್ನೂ ಕಾರ್ಯದರ್ಶಿಗಳು ತಿಳಿದಿರಬೇಕು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ 580ನೇ ಮಾನದಂಡದ ಪ್ರಕಾರ ಆಡಳಿತ ವರ್ಗ ಬರೆದುಕೊಡುವ ಹೇಳಿಕೆ ಬೇಕೇಬೇಕು, ಆದರೆ ಅದೊಂದೇ ಸಾಕಷ್ಟು ಪುರಾವೆಯಾಗದು. ಅಂದರೆ ವಿವರಣೆಯ ಪತ್ರ ಇರುವುದು ಪರಿಶೋಧಕರನ್ನು ಒಪ್ಪಿಸಲಿಕ್ಕಲ್ಲ, ಪುರಾವೆಗಳು ಎಲ್ಲೆಲ್ಲಿವೆ ಎಂದು ತೋರಿಸಲಿಕ್ಕೆ. ಪತ್ರದ ಒಂದೊಂದು ವಾಕ್ಯವೂ ಯಾವುದೋ ಒಂದು ಪುಸ್ತಕದ ಒಂದು ಪುಟಕ್ಕೆ ಕೈ ತೋರಿಸಬೇಕು.

ಈಗ ನಮ್ಮ ಸಂಘದ ಕಾರ್ಯದರ್ಶಿಯ ಮೇಜಿಗೆ ಬರೋಣ. ಪತ್ರ ಬರೆಯುವ ಮೊದಲು ಅವರು ಮಾಡಬೇಕಾದ ಕೆಲಸ ಹಣದ ಜಾಡು ಹಿಡಿಯುವುದು.

ಮೊದಲ ಹೆಜ್ಜೆ, ಇಷ್ಟು ಹಣ ತೆಗೆಯಬೇಕಾಗಿತ್ತೇ ಎಂದು ನೋಡುವುದು. ಬೋನಸ್ ಲೀಟರಿಗೆ 80 ಪೈಸೆ. ಆ ವರ್ಷ ಸದಸ್ಯರು ಸಂಘಕ್ಕೆ ಹಾಕಿದ ಹಾಲು ಎಂಟು ಲಕ್ಷ ಲೀಟರ್ ಎಂದು ಹಾಲು ಖರೀದಿ ವಹಿ ಹೇಳುತ್ತದೆ. ಎರಡನ್ನೂ ಗುಣಿಸಿದರೆ ಸರಿಯಾಗಿ 6,40,000. ಒಕ್ಕೂಟಕ್ಕೆ ಕಳಿಸಿದ ಹಾಲು ಮತ್ತು ಊರಿನಲ್ಲೇ ಮಾರಿದ ಹಾಲು ಸೇರಿಸಿದರೂ ಖರೀದಿಯ ಅಂಕಿಗೆ ಹೊಂದುತ್ತದೆ. ಒಕ್ಕೂಟದ ಲೆಕ್ಕ ಸಂಘದ ಕೈಯಲ್ಲಿ ಇಲ್ಲದ ಕಾರಣ ಈ ತಾಳೆಗೆ ಬೆಲೆಯಿದೆ. ಚೆಕ್ಕಿನ ಮೊತ್ತ ಮನಸ್ಸಿಗೆ ಬಂದಂತೆ ಬರೆದದ್ದಲ್ಲ, ಹಾಲಿನ ಲೆಕ್ಕದಿಂದಲೇ ಬಂದದ್ದು ಎಂದು ಇಲ್ಲಿಗೆ ಖಚಿತವಾಗುತ್ತದೆ.

ಎರಡನೆಯದು ಅಪ್ಪಣೆ. ಮಹಾಸಭೆಯ ನಡಾವಳಿ ಪುಸ್ತಕದಲ್ಲಿ ಬೋನಸ್ ದರ ಒಪ್ಪಿದ ನಿರ್ಣಯವಿದೆ. ಆಡಳಿತ ಮಂಡಳಿಯ ಸಭೆಯಲ್ಲಿ ಹಣ ತೆಗೆಯುವ ಠರಾವಿದೆ. ಎರಡರ ತಾರೀಖೂ ಚೆಕ್ಕಿಗಿಂತ ಹಿಂದಿನದು. ಹಣ ತೆಗೆದ ಮೇಲೆ ‘ಘಟನೋತ್ತರ ಮಂಜೂರಾತಿ’ ಪಡೆದಿದ್ದರೆ ಅದನ್ನೂ ಹಾಗೆಯೇ ಹೇಳಬೇಕಾಗುತ್ತಿತ್ತು. ಇಲ್ಲಿ ಆ ತೊಂದರೆ ಇಲ್ಲ.

ಮೂರನೆಯದೇ ಕಠಿಣ: ಹಣ ಯಾರ್‍ಯಾರ ಕೈ ಸೇರಿತು? ವೋಚರಿನ ಜೊತೆ ಇರಬೇಕಾಗಿದ್ದ ಬಟವಾಡೆ ಪಟ್ಟಿ ಕಚೇರಿಯ ಕಪಾಟಿನಲ್ಲಿ ಬೇರೆ ಕಡತದಲ್ಲಿ ಸಿಕ್ಕಿತು. ಉದ್ದನೆಯ ಹಾಳೆಗಳಲ್ಲಿ ಸದಸ್ಯರ ಸಂಖ್ಯೆ, ಹೆಸರು, ಲೀಟರ್, ಮೊತ್ತ, ಕೊನೆಗೆ ಸಹಿ ಅಥವಾ ಹೆಬ್ಬೆಟ್ಟು. ಹಾಳೆ ತಿರುಗಿಸುತ್ತ ಹೋದಂತೆ ಸಹಿಯಿಲ್ಲದ ಚೌಕಗಳು ಕಾಣತೊಡಗಿದವು. ನವೆಂಬರ್ 8ರಂದು ಪಡೆದವರ ಒಟ್ಟು 3,92,700. ಮರುದಿನ ಪಡೆದವರದು 1,58,700. ಎರಡು ದಿನ ಸೇರಿ 187 ಮಂದಿಗೆ 5,51,400 ರೂಪಾಯಿ ಹೋಗಿದೆ. 25 ಮಂದಿ ಬಂದೇ ಇಲ್ಲ. ಅವರ ಪಾಲು 88,600.

ನಗದು ಪುಸ್ತಕ ಮಾತ್ರ ಮೊದಲ ದಿನವೇ ಅಷ್ಟೂ ಹಂಚಿಹೋಯಿತೆಂದು ಹೇಳುತ್ತದೆ. ಅಂದರೆ ಪುಸ್ತಕ ಸುಳ್ಳು ಹೇಳಿದೆ. ಕದಿಯುವ ಉದ್ದೇಶವಿತ್ತೋ ಇಲ್ಲವೋ ಬೇರೆ ಮಾತು, ಆ ರಾತ್ರಿ ಸಂಘದಲ್ಲಿ 2,47,300 ರೂಪಾಯಿ ನಗದಿದ್ದಾಗ ಪುಸ್ತಕದಲ್ಲಿ ಅದು ಶೂನ್ಯ.

ಉಳಿದ 88,600 ಎಲ್ಲಿ ಹೋಯಿತು? ಪಟ್ಟಿಯ ಕೊನೆಯ ಹಾಳೆಯಲ್ಲಿ ಒಂಬತ್ತು ಸದಸ್ಯರು ನವೆಂಬರ್ 18ರೊಳಗೆ ಬೇರೆ ಬೇರೆ ದಿನ ಬಂದು 24,100 ಪಡೆದಿದ್ದಾರೆ. ಸಹಿಯ ಪಕ್ಕದಲ್ಲಿ ತಾರೀಖೂ ಇದೆ. ಇನ್ನು 64,500 ಉಳಿಯಿತು. ಇಲ್ಲಿ ಪರಿಶೋಧಕರ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಾಲು. ನವೆಂಬರ್ 28ರಂದು ನಗದು ಪುಸ್ತಕದಲ್ಲಿ ‘ಅನಾಮತ್ತು ಜಮಾ 60,000’ ಎಂದಿದೆ, ಅದೇ ದಿನ ಆ ಹಣ ಬ್ಯಾಂಕಿಗೆ ಹೋಗಿದೆ. ಯಾರಿಂದ ಬಂತು ಎಂಬುದಿಲ್ಲ, ರಸೀದಿ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಗುಮಾಸ್ತನ ಜಾಗದಲ್ಲಿ ನಿಂತು ನೋಡಬೇಕು. ಪೆಟ್ಟಿಗೆಯಲ್ಲಿದ್ದ 60,000ವನ್ನು ಬ್ಯಾಂಕಿಗೆ ಕಟ್ಟಬೇಕು. ಆದರೆ ಪುಸ್ತಕದ ಪ್ರಕಾರ ಆ ಹಣವೇ ಇಲ್ಲ, ಇಪ್ಪತ್ತು ದಿನದ ಹಿಂದೆಯೇ ಹಂಚಿಹೋಗಿದೆ. ಇಲ್ಲದ ಹಣ ಬ್ಯಾಂಕಿಗೆ ಹೋಗುವುದು ಹೇಗೆ? ಅದಕ್ಕೆ ಮೊದಲು ಹಣ ಎಲ್ಲಿಂದಲೋ ಬಂದಂತೆ ತೋರಿಸಬೇಕಾಯಿತು. ಹೀಗೆ ಒಂದು ತಪ್ಪು ನಮೂದನ್ನು ನಿಭಾಯಿಸಲು ಇನ್ನೊಂದು ತಪ್ಪು ನಮೂದು ಹುಟ್ಟಿತು. ಅನಾಮತ್ತು ಖಾತೆಯಲ್ಲಿ ಹೆಸರಿಲ್ಲದೆ ಕುಳಿತ ದುಂಡು ಮೊತ್ತ ಕಂಡರೆ ಪರಿಶೋಧಕರು ಹಿಂದಿನ ಕೆಲವು ವಾರಗಳ ದೊಡ್ಡ ನಗದು ಖರ್ಚುಗಳನ್ನು ತಿರುವಿ ನೋಡುವುದು ಈ ಕಾರಣಕ್ಕೇ.

ಅರವತ್ತು ಸಾವಿರ 15 ಸದಸ್ಯರದು. ಉಳಿದ 4,500 ತೀರಿಹೋದ ಒಬ್ಬ ಸದಸ್ಯರ ಪಾಲು. ನಾಮಿನಿಯ ಕಾಗದ ಬರಲೆಂದು ಕಾರ್ಯದರ್ಶಿ ಅದನ್ನು ಬೇರೆ ಲಕೋಟೆಯಲ್ಲಿ ಇಟ್ಟುಕೊಂಡಿದ್ದರು. ಜೂನ್ 14ರಂದು ಪರಿಶೋಧಕರು ನಗದು ಎಣಿಸಿದಾಗ ಪುಸ್ತಕದ ಶಿಲ್ಕು 3,240, ಪೆಟ್ಟಿಗೆಯಲ್ಲಿದ್ದದ್ದೂ 3,240. ಲಕೋಟೆ ಪೆಟ್ಟಿಗೆಯಲ್ಲಿ ಇರಲಿಲ್ಲ, ಕಾರ್ಯದರ್ಶಿಯ ಮನೆಯಲ್ಲಿತ್ತು.

ಜಾಡು ಪೂರ್ಣವಾಯಿತು. ಹಂಚಿದ್ದು 5,51,400, ಆಮೇಲೆ ಹಂಚಿದ್ದು 24,100, ಬ್ಯಾಂಕಿಗೆ ಮರಳಿದ್ದು 60,000, ಕಾರ್ಯದರ್ಶಿಯ ಬಳಿ ಉಳಿದದ್ದು 4,500. ಕೂಡಿದರೆ 6,40,000. ಈ ಕೂಡಿಕೆ ಆಗುವವರೆಗೆ ಪತ್ರ ಬರೆಯಲು ಕೂರಬಾರದು. ಐನೂರು ರೂಪಾಯಿ ತಾಳೆಯಾಗದೆ ಉಳಿದರೂ ಆ ಐನೂರನ್ನು ಹಾಗೆಯೇ ಹೇಳಬೇಕು, ‘ಇತರೆ ಖರ್ಚು’ ಎಂದು ತುಂಬಿಸಬಾರದು.

ಇಷ್ಟಾದ ಮೇಲೆ ಪತ್ರದ ಒಡಲು ಹೀಗಿರುತ್ತದೆ:

‘ಲೆಕ್ಕಪರಿಶೋಧಕರಿಗೆ. ನವೆಂಬರ್ 8ರ ಸೆಲ್ಫ್ ಚೆಕ್ಕಿನ ಮೂಲಕ ತೆಗೆದ 6,40,000 ರೂ. ಕುರಿತು ತಾವು ಕೇಳಿರುವ ಪ್ರಶ್ನೆಗೆ ಈ ವಿವರಣೆ ಸಲ್ಲಿಸುತ್ತಿದ್ದೇವೆ. ಈ ಹಣವನ್ನು ಮಹಾಸಭೆ ಒಪ್ಪಿದ ಬೋನಸ್ ಪಾವತಿಗಾಗಿ ತೆಗೆಯಲಾಯಿತು. ನಿರ್ಣಯಗಳ ಪ್ರತಿ ಮತ್ತು ಹಾಲಿನ ಲೆಕ್ಕದ ಪಟ್ಟಿ ಲಗತ್ತಿಸಿದೆ. ಚೆಕ್ಕಿಗೆ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಸಹಿ ಮಾಡಿದ್ದು, ಬ್ಯಾಂಕಿನಿಂದ ನಗದನ್ನು ಕಾರ್ಯದರ್ಶಿ ಪಡೆದಿದ್ದಾರೆ.

‘ನವೆಂಬರ್ 8 ಮತ್ತು 9ರಂದು 187 ಸದಸ್ಯರಿಗೆ 5,51,400 ರೂ., ನವೆಂಬರ್ 18ರೊಳಗೆ ಒಂಬತ್ತು ಸದಸ್ಯರಿಗೆ 24,100 ರೂ. ಪಾವತಿಯಾಗಿದೆ. ಸಹಿಯುಳ್ಳ ಬಟವಾಡೆ ಪಟ್ಟಿ ಲಗತ್ತಿಸಿದೆ. ನವೆಂಬರ್ 28ರಂದು ಬ್ಯಾಂಕಿಗೆ ಕಟ್ಟಿದ 60,000 ರೂ. ಬೋನಸ್ ಪಡೆಯದ 15 ಸದಸ್ಯರ ಹಣ. ಅದನ್ನು ಅನಾಮತ್ತು ಎಂದು ನಮೂದಿಸಿದ್ದು ತಪ್ಪು. ಮೃತ ಸದಸ್ಯರೊಬ್ಬರ 4,500 ರೂ. ನಗದು ಪುಸ್ತಕಕ್ಕೆ ಬಾರದೆ ಕಾರ್ಯದರ್ಶಿಯ ಬಳಿ ಉಳಿದಿತ್ತು. ಅದನ್ನು ಜೂನ್ 14ರಂದು ರಸೀದಿ ಹಾಕಿ ಸಂಘಕ್ಕೆ ಜಮಾ ಮಾಡಲಾಗಿದೆ.

‘ನವೆಂಬರ್ 8ರಂದೇ ಪೂರ್ಣ ಮೊತ್ತ ಪಾವತಿಯಾಯಿತೆಂದು ಬರೆದದ್ದರಿಂದ ನವೆಂಬರ್ 8ರಿಂದ 28ರವರೆಗೆ ನಗದು ಪುಸ್ತಕದ ಶಿಲ್ಕು ನಿಜವಾದ ಶಿಲ್ಕಿಗಿಂತ ಕಡಿಮೆ ತೋರಿದೆ. ದಿನವಾರು ಸರಿಪಡಿಸಿದ ಪಟ್ಟಿ ಲಗತ್ತಿಸಿದೆ. ಈ ಅವಧಿಯಲ್ಲಿ ಬೈಲಾದ ಮಿತಿ ಮೀರಿ ನಗದು ಇಟ್ಟುಕೊಳ್ಳಲಾಗಿದ್ದು, ಅದಕ್ಕೆ ಆಡಳಿತ ಮಂಡಳಿಯ ಅನುಮತಿ ಇರಲಿಲ್ಲ.’

ಪತ್ರದ ಕೆಳಗೆ ಬರೆದ ದಿನದ್ದೇ ತಾರೀಖು, ಕಾರ್ಯದರ್ಶಿ ಮತ್ತು ಅಧ್ಯಕ್ಷರ ಸಹಿ.

ಈ ಪತ್ರದಲ್ಲಿ ‘ಕಣ್ತಪ್ಪಿನಿಂದ’ ಎಂಬ ಪದವಿಲ್ಲ, ‘ಕೆಲಸದ ಒತ್ತಡದಿಂದ’ ಎಂಬುದೂ ಇಲ್ಲ. ಕಾರಣಗಳನ್ನು ಪರಿಶೋಧಕರು ಕೇಳಿದರೆ ಬಾಯಲ್ಲಿ ಹೇಳಬಹುದು. ಪತ್ರ ಹೇಳಬೇಕಾದದ್ದು ಏನಾಯಿತು ಎಂಬುದನ್ನು. ಕೊನೆಯ ಭಾಗದಲ್ಲಿ ಸಂಘ ತನಗೆ ವಿರುದ್ಧವಾದ ಸಂಗತಿಗಳನ್ನೇ ಬರೆದುಕೊಂಡಿದೆ. ಬಹಳ ಕಾರ್ಯದರ್ಶಿಗಳು ಹೆದರುವುದು ಈ ಭಾಗಕ್ಕೆ. ಆದರೆ ನಗದು ಎಣಿಸಿದ, ಅನಾಮತ್ತು ಸಾಲನ್ನು ಗುರುತು ಹಾಕಿದ ಪರಿಶೋಧಕರಿಗೆ ಇದು ಹೇಗೂ ಗೊತ್ತಿದೆ. ಅದನ್ನು ಬಿಟ್ಟು ಬರೆದರೆ ಉಳಿದ 5,51,400ರ ಮೇಲೂ ಅನುಮಾನ ಹರಡುತ್ತದೆ.

ಹಣದ ವಿಚಾರದಲ್ಲಿ ಪ್ರಾಮಾಣಿಕವಾಗಿದ್ದವರೂ ಕೆಡುವುದು ಪತ್ರ ಬರೆಯುವ ಈ ಹಂತದಲ್ಲೇ. ಸಹಿಯಿಲ್ಲದ ಚೌಕಗಳನ್ನು ಕಂಡು ಗಾಬರಿಯಾಗಿ ಸದಸ್ಯರನ್ನು ಕರೆಸಿ ಹಿಂದಿನ ತಾರೀಖು ಹಾಕಿಸಿ ಸಹಿ ಮಾಡಿಸುತ್ತಾರೆ. ಇಲ್ಲವೇ ಆ ದಿನದ ವೋಚರನ್ನು ಹೊಸದಾಗಿ ಬರೆಯುತ್ತಾರೆ. ಅಲ್ಲಿಯವರೆಗೆ ದಾಖಲೆಯ ದೋಷವಾಗಿದ್ದದ್ದು ಆ ಕ್ಷಣದಿಂದ ಸುಳ್ಳು ದಾಖಲೆ ಸೃಷ್ಟಿಯಾಗುತ್ತದೆ. ಸದಸ್ಯನಿಗೆ ಹಣ ನಿಜವಾಗಿ ತಲುಪಿದ್ದು ಸಹಿ ಮಾತ್ರ ತಪ್ಪಿದ್ದರೆ ದಾರಿಯಿದೆ: ‘ನನಗೆ ಇಂಥ ತಿಂಗಳಲ್ಲಿ ಇಷ್ಟು ಬೋನಸ್ ಬಂದಿದೆ’ ಎಂದು ಆತನಿಂದ ಇಂದಿನ ತಾರೀಖಿನಲ್ಲೇ ದೃಢೀಕರಣ ಪತ್ರ ಪಡೆದು ಲಗತ್ತಿಸುವುದು. ಅದನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಪರಿಶೋಧಕರು ಸದಸ್ಯನನ್ನೇ ಕೇಳಿ ತೀರ್ಮಾನಿಸುತ್ತಾರೆ.

ನಕಲಿ ಪಟ್ಟಿಯನ್ನು ಗುರುತಿಸುವುದು ಅಷ್ಟು ಕಷ್ಟವೂ ಅಲ್ಲ. ಎರಡು ದಿನ, ಇನ್ನೂರು ಜನ ಸಹಿ ಮಾಡಿದ ಹಾಳೆಯಲ್ಲಿ ಪೆನ್ನು ಬದಲಾಗಿರುತ್ತದೆ, ಕೆಲವು ಸಹಿ ಗೆರೆ ದಾಟಿರುತ್ತವೆ, ಒಬ್ಬನ ಬದಲು ಹೆಂಡತಿಯೋ ಮಗನೋ ಸಹಿ ಹಾಕಿ ಪಕ್ಕದಲ್ಲಿ ಹೆಸರು ಬರೆದಿರುತ್ತಾರೆ. ಒಂದೇ ಕುಳಿತದಲ್ಲಿ ತುಂಬಿಸಿದ ಹಾಳೆ ಅಚ್ಚುಕಟ್ಟಾಗಿರುತ್ತದೆ. ಅನುಮಾನ ಬಂದರೆ ಪರಿಶೋಧಕರು ಹಾಲು ಖರೀದಿ ವಹಿ ತೆರೆದು ಬೋನಸ್ ಪಡೆದ ಸದಸ್ಯ ಆ ವರ್ಷ ಹಾಲು ಹಾಕಿದ್ದನೇ ನೋಡುತ್ತಾರೆ. ಮರಣ ಹೊಂದಿದವರ ಹೆಸರಿನ ಮುಂದೆ ಸಹಿಯಿದೆಯೇ ನೋಡುತ್ತಾರೆ. ಕೊನೆಗೆ ಪಟ್ಟಿಯಿಂದ ಹತ್ತು ಹೆಸರು ಆರಿಸಿಕೊಂಡು ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಸಂಘದ ಬಾಗಿಲಲ್ಲಿ ನಿಂತು, ‘ಯಜಮಾನರೇ, ಹೋದ ದೀಪಾವಳಿಗೆ ಬೋನಸ್ ಎಷ್ಟು ಬಂತು?’ ಎಂದು ಕೇಳಿದರೆ ಸಾಕು. ಹಾಲು ಹಾಕುವವರಿಗೆ ತಮ್ಮ ಬೋನಸ್ ಮರೆತಿರುವುದಿಲ್ಲ.

ಲೆಕ್ಕವನ್ನು ಸರಿಪಡಿಸುವುದೂ ಪುಸ್ತಕದ ಹಳೆಯ ಪುಟವನ್ನು ತಿದ್ದಿ ಅಲ್ಲ. ಹಳೆಯ ನಮೂದು ಇದ್ದಂತೆಯೇ ಇರುತ್ತದೆ. ಅದರ ಮೇಲೆ ಹೊಸ ಹೊಂದಾಣಿಕೆ ನಮೂದು ಬರುತ್ತದೆ. ಅನಾಮತ್ತಿನ 60,000 ತೆಗೆದು ‘ಪಾವತಿಸಬೇಕಾದ ಬೋನಸ್’ ಖಾತೆಗೆ ಹಾಕಬೇಕು. ಮೃತ ಸದಸ್ಯರ 4,500ವೂ ಅದೇ ಖಾತೆಗೆ ಸೇರಬೇಕು, ಎದುರಿಗೆ ಮಾರ್ಚ್ 31ಕ್ಕೆ ಕಾರ್ಯದರ್ಶಿಯಿಂದ ಬರಬೇಕಾದ ಬಾಕಿ ಎಂದು ಅಷ್ಟೇ ಮೊತ್ತ ತೋರಿಸಬೇಕು. ಆಗ ಆಸ್ತಿ ಜವಾಬ್ದಾರಿ ತಖ್ತೆಯಲ್ಲಿ ಸಂಘ ತನ್ನ 16 ಸದಸ್ಯರಿಗೆ 64,500 ಕೊಡಬೇಕೆಂಬುದು ಮೊದಲ ಬಾರಿಗೆ ಕಾಣುತ್ತದೆ. ತಪ್ಪು ನಮೂದಿನಿಂದ ನಿಜವಾದ ನಷ್ಟ ಆಗಲಿದ್ದದ್ದು ಈ ಹದಿನಾರು ಮನೆಗಳಿಗೆ. ಪುಸ್ತಕದ ಪ್ರಕಾರ ಅವರೆಲ್ಲರಿಗೂ ಬೋನಸ್ ಕೊಟ್ಟಾಗಿತ್ತು. ಕಾರ್ಯದರ್ಶಿ ಬದಲಾಗಿದ್ದರೆ ಹೊಸಬರು ಪುಸ್ತಕ ತೋರಿಸಿ ‘ನಿಮ್ಮದು ಹೋಗಿದೆಯಲ್ಲ’ ಎಂದುಬಿಡುತ್ತಿದ್ದರು.

ಇಷ್ಟು ಸ್ಪಷ್ಟವಾಗಿ ಬರೆದರೂ ಆಕ್ಷೇಪಣೆ ಪೂರ್ತಿ ಮಾಯವಾಗುವುದಿಲ್ಲ. ಸಹಿಯಿರುವ 5,75,500ರ ಬಗ್ಗೆ ಪರಿಶೋಧಕರು ಪ್ರಶ್ನೆ ಕೈಬಿಡಬಹುದು. 60,000 ಇಪ್ಪತ್ತು ದಿನ ಬ್ಯಾಂಕಿನ ಹೊರಗಿದ್ದದ್ದು ನ್ಯೂನತೆಯಾಗಿ ವರದಿಗೆ ಹೋಗುತ್ತದೆ. ಕಾರ್ಯದರ್ಶಿಯ ಮನೆಯಲ್ಲಿದ್ದ 4,500ವನ್ನು ಇಲಾಖೆಯ ಭಾಷೆಯಲ್ಲಿ ‘ತಾತ್ಕಾಲಿಕ ದುರುಪಯೋಗ’ ಎನ್ನುತ್ತಾರೆ. ಮರಳಿ ಕಟ್ಟಿದರೂ ಆ ಹೆಸರು ಹೋಗುವುದಿಲ್ಲ, ಅವಧಿಯ ಬಡ್ಡಿ ಕಟ್ಟಿಸಿಕೊಳ್ಳಲು ಸೂಚಿಸಬಹುದು. ಲೆಕ್ಕ ತಾಳೆಯಾಗದೆ ಹಣ ನಿಜಕ್ಕೂ ಕಾಣೆಯಾಗಿದ್ದರೆ ದಾರಿಯೇ ಬೇರೆ. ಕಾಯ್ದೆಯ 64ನೇ ಪ್ರಕರಣದಡಿ ವಿಚಾರಣೆ, 69ನೇ ಪ್ರಕರಣದಡಿ ಹೊಣೆಗಾರರಿಂದ ಬಡ್ಡಿ ಸಮೇತ ವಸೂಲಿ. ಚೆಕ್ಕಿಗೆ ಸಹಿ ಹಾಕಿದ ಅಧ್ಯಕ್ಷರೂ ಉತ್ತರ ಕೊಡಬೇಕಾಗುತ್ತದೆ. ‘ಕಾರ್ಯದರ್ಶಿ ಹೇಳಿದರು, ಸಹಿ ಮಾಡಿದೆ’ ಎಂಬ ಮಾತು ಅಲ್ಲಿ ರಕ್ಷಣೆಗೆ ಬರುವುದು ಕಷ್ಟ.

ನಗದನ್ನೇ ತೆಗೆಯದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ ಎಂಬುದೂ ನಿಜ. ರಾಜ್ಯ ಸರ್ಕಾರ ಹಾಲಿಗೆ ಕೊಡುವ ಪ್ರೋತ್ಸಾಹಧನ ಉತ್ಪಾದಕರ ಬ್ಯಾಂಕ್ ಖಾತೆಗೇ ಹೋಗುತ್ತದೆ. ಅಂದರೆ ಸದಸ್ಯರ ಖಾತೆಯ ವಿವರ ಸಂಘದಲ್ಲೇ ಇದೆ. ಬೋನಸನ್ನೂ ಅದೇ ಖಾತೆಗಳಿಗೆ ಹಾಕಿದರೆ ಬ್ಯಾಂಕಿನ ಪಟ್ಟಿಯೇ ಬಟವಾಡೆ ಪಟ್ಟಿಯಾಗುತ್ತದೆ. ಹಬ್ಬದ ಹೊತ್ತಿಗೆ ಕೈಗೆ ರೊಕ್ಕ ಬೇಕೆಂಬ ಸದಸ್ಯರ ಒತ್ತಾಯಕ್ಕೆ ನಗದೇ ಹಂಚುವುದಾದರೆ, ಒಂದೇ ಚೆಕ್ಕಿನಲ್ಲಿ ಪೂರ್ತಿ ತೆಗೆಯದೆ ಆಯಾ ದಿನ ಹಂಚಲು ಆಗುವಷ್ಟನ್ನೇ ತರಬಹುದು. ದಿನದ ಕೊನೆಗೆ ಸಹಿಯಾದ ಮೊತ್ತವನ್ನಷ್ಟೇ ಖರ್ಚು ಬರೆದು, ಉಳಿದದ್ದನ್ನು ಮರುದಿನ ಬ್ಯಾಂಕಿಗೆ ಕಟ್ಟಬಹುದು.

ನಮ್ಮ ಉದಾಹರಣೆಯ ಸಂಘಕ್ಕೆ ಉಳಿದಿರುವ ಕೆಲಸ ಹೀಗಿದೆ. ಪರಿಶೋಧನಾ ವರದಿ ಕೈಸೇರಿದ ಮೇಲೆ ಆಡಳಿತ ಮಂಡಳಿ ಅನುಪಾಲನಾ ವರದಿ ಸಿದ್ಧಪಡಿಸಬೇಕು. ಹದಿನೈದು ಸದಸ್ಯರಿಗೆ ನೋಟಿಸು ಕಳಿಸಿ ಅವರವರ ಖಾತೆಗೆ 60,000 ಜಮಾ ಮಾಡಿಸಬೇಕು. ಮೃತ ಸದಸ್ಯರ ನಾಮಿನಿಯ ಅರ್ಜಿ ಪಡೆದು 4,500 ಕೊಡಬೇಕು. ಈ ಎರಡೂ ಪಾವತಿಯ ಬ್ಯಾಂಕ್ ದಾಖಲೆಯನ್ನು ಅನುಪಾಲನಾ ವರದಿಗೆ ಲಗತ್ತಿಸಿ ಮುಂದಿನ ಮಹಾಸಭೆಯಲ್ಲಿ ಓದಿ ಹೇಳಬೇಕು.